ಬ್ರೋಕರ್ ಹೇಳುವ ಶೇ 4ರಲ್ಲಿ ಕೈಗೆ ಸಿಗುವುದೆಷ್ಟು?

ಪ್ರಶ್ನೆ: 60 ಲಕ್ಷಕ್ಕೆ ಒಂದು ಫ್ಲ್ಯಾಟ್ ನೋಡಿದ್ದೇನೆ. ತಿಂಗಳಿಗೆ 20 ಸಾವಿರ ಬಾಡಿಗೆ ಬರುತ್ತೆ, ಅಂದ್ರೆ ವರ್ಷಕ್ಕೆ ಶೇ 4 ಅಂತ ಬ್ರೋಕರ್ ಹೇಳ್ತಿದ್ದಾರೆ. ಮನೆ ಖಾಲಿ ಬಿದ್ರೆ, ರಿಪೇರಿ ಬಂದ್ರೆ ಇದು ಎಷ್ಟು ಇಳಿಯುತ್ತೆ?

ಸುಮಾರು ಶೇ 2.4ಕ್ಕೆ ಇಳಿಯುತ್ತದೆ. ಬ್ರೋಕರ್ ಸುಳ್ಳು ಹೇಳಿಲ್ಲ, ಖರ್ಚು ಕಳೆಯದೆ ಹೇಳಿದ್ದಾರೆ ಅಷ್ಟೇ.

ಮೊದಲು ಬೆಲೆ ಸರಿಮಾಡಿಕೊಳ್ಳಿ. ನೋಂದಣಿ, ಮುದ್ರಾಂಕ ಶುಲ್ಕ, ಬಾಡಿಗೆಗೆ ಕೊಡುವ ಮೊದಲಿನ ಸಣ್ಣಪುಟ್ಟ ಕೆಲಸ ಎಲ್ಲ ಸೇರಿ 5 ಲಕ್ಷ ಅಂದುಕೊಳ್ಳೋಣ. ನೀವು ಹಾಕುವ ದುಡ್ಡು 65 ಲಕ್ಷ. ಭಾಗಿಸಬೇಕಾದ್ದು ಇದರಿಂದ, 60ರಿಂದ ಅಲ್ಲ.

ಇನ್ನು ಖಾಲಿ ಬೀಳುವುದು. ಒಬ್ಬ ಬಾಡಿಗೆದಾರ 22 ತಿಂಗಳು ಇದ್ದು ಹೋದ, ಬಣ್ಣ ಹೊಡೆಸಿ ಮುಂದಿನವರು ಬರೋಕೆ 2 ತಿಂಗಳು ಹಿಡಿಯಿತು ಅಂದರೆ ವರ್ಷಕ್ಕೆ ಸರಾಸರಿ ಒಂದು ತಿಂಗಳ ಬಾಡಿಗೆ ಹೋಯಿತು. 2,40,000 ಬರಬೇಕಿದ್ದಲ್ಲಿ 2,20,000. ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ನೀವೇ ಕಟ್ಟುವುದಾದರೆ, ತಿಂಗಳಿಗೆ 2,500ರಂತೆ 30,000. ಆಸ್ತಿ ತೆರಿಗೆ, ವಿಮೆ 10,000. ಮನೆಯೊಳಗಿನ ರಿಪೇರಿ ಮತ್ತು ಬಣ್ಣಕ್ಕೆ 24,000. ಉಳಿಯೋದು 1,56,000. ಅದನ್ನು 65 ಲಕ್ಷದಿಂದ ಭಾಗಿಸಿದರೆ ಶೇ 2.4. ಆದಾಯ ತೆರಿಗೆ, ಸಾಲದ ಬಡ್ಡಿ ಇದರಲ್ಲಿಲ್ಲ.

ಮನೆ ಖಾಲಿ ಇದ್ದರೂ ಖರ್ಚು ನಿಲ್ಲುವುದಿಲ್ಲ. ಅದಕ್ಕೇ ಖಾಲಿ ತಿಂಗಳ ಪೆಟ್ಟು ಕಾಣುವುದಕ್ಕಿಂತ ಜಾಸ್ತಿ. ಬಾಡಿಗೆಯಲ್ಲಿ ಹನ್ನೆರಡರಲ್ಲಿ ಒಂದು ಪಾಲು ಹೋದ ಹಾಗೆ ಕಂಡರೂ, ಮನೆ ಖಾಲಿ ಬೀಳದಿದ್ದರೆ ಕೈಗೆ ಸಿಗುತ್ತಿದ್ದ 1,76,000ದಲ್ಲಿ ಸುಮಾರು ಒಂಬತ್ತರಲ್ಲಿ ಒಂದು ಪಾಲು ಹೋಗಿರುತ್ತದೆ.

ಹಾಗಾಗಿ ನಾನು ಬಾಡಿಗೆ ವಿಷಯದಲ್ಲಿ ಹಟ ಹಿಡಿಯುವುದಿಲ್ಲ. 19 ಸಾವಿರಕ್ಕೆ ಈಗಲೇ ಬರುವವರನ್ನು ಬಿಟ್ಟು 20 ಸಾವಿರ ಕೊಡುವವರಿಗಾಗಿ ಒಂದು ತಿಂಗಳು ಕಾದಿರಿ ಅನ್ನಿ. ಹೋದದ್ದು 19 ಸಾವಿರ, ಆಮೇಲೆ ಜಾಸ್ತಿ ಸಿಗುವುದು ತಿಂಗಳಿಗೆ ಒಂದೇ ಸಾವಿರ. ಕಳೆದದ್ದು ವಾಪಸ್ ಬರೋಕೆ 19 ತಿಂಗಳು ಬೇಕು. ಅಷ್ಟರಲ್ಲಿ ಅವರೇ ಖಾಲಿ ಮಾಡುವ ಹೊತ್ತಾಗಿರುತ್ತೆ, ಅಲ್ವಾ?

ರಿಪೇರಿ ಮಾತ್ರ ವರ್ಷವರ್ಷವೂ ಒಂದೇ ಥರ ಬರಲ್ಲ. ಮೂರು ವರ್ಷ ಏನೂ ಇರುವುದಿಲ್ಲ, ನಾಲ್ಕನೇ ವರ್ಷ ಬಾತ್‌ರೂಮ್ ಸೋರಿಕೆ, ಗೀಸರ್, ಬಣ್ಣ ಎಲ್ಲ ಒಟ್ಟಿಗೆ. ಹಿಂದಿನ ಮಾಲೀಕರು "ಖರ್ಚೇ ಇಲ್ಲ" ಅಂದರೆ ಅವರು ಹೇಳುತ್ತಿರುವುದು ಆ ಮೂರು ವರ್ಷದ ಕಥೆ ಇರಬಹುದು. ಮುಂಗಡ ಕೊಡುವ ಮೊದಲು ಅಪಾರ್ಟ್‌ಮೆಂಟ್ ಸಂಘದ ಲೆಕ್ಕಪತ್ರ ಕೇಳಿ ನೋಡಿ. ಕಟ್ಟಡ ಹಳೆಯದು, ಲಿಫ್ಟ್ ಹಳೆಯದು, ದೊಡ್ಡ ರಿಪೇರಿಗೆ ಎತ್ತಿಟ್ಟ ನಿಧಿ ಮಾತ್ರ ಖಾಲಿ ಅಂದರೆ ಲಿಫ್ಟ್ ಬದಲಿಸುವ ದಿನ ಎಲ್ಲ ಮಾಲೀಕರಿಂದಲೂ ವಂತಿಗೆ ಎತ್ತುತ್ತಾರೆ. ಆ ಮೊತ್ತವನ್ನು ಅಂದಾಜು ಮಾಡಿ, ಬೆಲೆ ಚೌಕಾಸಿ ಮಾಡುವಾಗಲೇ ಕಡಿಮೆ ಕೇಳಿ.