ಪಫ್ ಬೆಲೆ 20 ಇಡಲಾ, 22 ಇಡಲಾ? ಬ್ರೇಕ್-ಈವನ್ ಟೇಬಲ್ ಹಾಕಿ ನೋಡಿ

ಪ್ರಶ್ನೆ: ಸಣ್ಣ ಬೇಕರಿ ಶುರು ಮಾಡ್ತಿದ್ದೀನಿ. ದಿನಕ್ಕೆ ಎಷ್ಟು ಮಾರಿದ್ರೆ ಕೈಯಿಂದ ಹಾಕೋದು ತಪ್ಪುತ್ತೆ? ಬೆಲೆ ಬದಲಾಯಿಸಿದ್ರೆ ಏನಾಗುತ್ತೆ ಅಂತ ಟೇಬಲ್ ಹೇಗೆ ಮಾಡೋದು?

ಮೊದಲು ಒಂದೇ ಐಟಂ ಹಿಡಿದು ಲೆಕ್ಕ ಹಾಕಿ. ನಾನು ವೆಜ್ ಪಫ್ ತಗೊಳ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನದು ನೀವು ಹಾಕಿಕೊಳ್ಳಿ.

ಒಂದು ಪಫ್ ಕೂಡ ಮಾರದಿದ್ದರೂ ತಿಂಗಳಿಗೆ ಕೊಡಲೇಬೇಕಾದ ಖರ್ಚು ಇರುತ್ತದಲ್ಲ, ಅದು ಸ್ಥಿರ ಖರ್ಚು. ಬಾಡಿಗೆ 20,000, ಇಬ್ಬರು ಕೆಲಸದವರ ಸಂಬಳ 34,000, ಓವನ್ ಸಾಲದ ಕಂತು 8,000, ಚಿಲ್ಲರೆ 3,000, ಮತ್ತೆ ನಿಮ್ಮ ಸಂಬಳ 20,000. ಒಟ್ಟು 85,000. ಆ ಕೊನೆಯದನ್ನು ನಾನು ಮೊದಲ ವರ್ಷ ಬರೆದೇ ಇರಲಿಲ್ಲ. ಲಾಭ ಬರ್ತಿದೆ ಅಂದುಕೊಂಡಿದ್ದೆ, ಅಸಲಿಗೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಪುಕ್ಕಟೆ ದುಡೀತಿದ್ದೆ.

ಇನ್ನು ಒಂದು ಪಫ್‌ಗೆ ಮೈದಾ, ಮಾರ್ಗರಿನ್, ಒಳಗಿನ ಪಲ್ಯ, ಗ್ಯಾಸ್, ಪೇಪರ್ ಎಲ್ಲ ಸೇರಿ 11 ರೂಪಾಯಿ ಅನ್ನಿ. ಇಲ್ಲೇ ಎಲ್ಲರೂ ಎಡವೋದು. 100 ಮಾಡಿದರೆ ರಾತ್ರಿಗೆ 8 ಉಳಿದು ಎಸೆಯಬೇಕಾಗುತ್ತದೆ, ಆದರೆ 1,100 ರೂಪಾಯಿ ಖರ್ಚಾಗಿಹೋಗಿದೆ. ಆ ದುಡ್ಡು ಮಾರಿದ 92ರಿಂದಲೇ ಬರಬೇಕು, ಅಂದರೆ ಒಂದಕ್ಕೆ ಹತ್ತಿರ ಹತ್ತಿರ 12. ಟೇಬಲ್‌ಗೆ ಹಾಕಬೇಕಾದದ್ದು ಈ 12.

ಬೆಲೆಯಲ್ಲಿ 12 ಕಳೆದರೆ ಒಂದು ಪಫ್‌ನಿಂದ ಉಳಿಯುವುದು ಸಿಗುತ್ತದೆ. 85,000ವನ್ನು ಅದರಿಂದ ಭಾಗಿಸಿದರೆ ಕೈಯಿಂದ ಹಾಕೋದು ತಪ್ಪಲು ತಿಂಗಳಿಗೆ ಎಷ್ಟು ಪಫ್ ಮಾರಬೇಕು ಅಂತ ಸಿಗುತ್ತದೆ, ಅದೇ ಬ್ರೇಕ್-ಈವನ್.

| ಬೆಲೆ | ಒಂದಕ್ಕೆ ಉಳಿಯೋದು | ತಿಂಗಳಿಗೆ | ದಿನಕ್ಕೆ (30 ದಿನ) |
|---|---|---|---|
| 18 | 6 | 14,167 | 473 |
| 20 | 8 | 10,625 | 355 |
| 22 | 10 | 8,500 | 284 |
| 25 | 13 | 6,539 | 218 |

ಶೀಟ್‌ನಲ್ಲಿ B1ಗೆ ಸ್ಥಿರ ಖರ್ಚು, B2ಗೆ 12, A4ರಿಂದ ಕೆಳಗೆ ಬೆಲೆಗಳನ್ನು ಹಾಕಿ. ತಿಂಗಳ ಕಾಲಂಗೆ ಇದು:

```
=ROUNDUP($B$1/(A4-$B$2),0)
```

20 ಮತ್ತು 22ರ ಸಾಲು ಒಟ್ಟಿಗೆ ನೋಡಿ. ಬರೀ ಎರಡು ರೂಪಾಯಿ ಏರಿಸಿದರೆ, ನೂರಕ್ಕೆ 20 ಮಾರಾಟ ಬಿದ್ದರೂ ನಿಮ್ಮ ಕೈಗೆ ಅಷ್ಟೇ ದುಡ್ಡು ಉಳಿಯುತ್ತದೆ. ಅಷ್ಟು ಗಿರಾಕಿ ಹೋಗ್ತಾರಾ? ಪಕ್ಕದಲ್ಲೇ 20ಕ್ಕೆ ಕೊಡೋ ಅಂಗಡಿ ಇದ್ದರೆ ಹೋಗಬಹುದು. ಎರಡು ವಾರ ಬೆಲೆ ಏರಿಸಿ, ದಿನಾ ಎಷ್ಟು ಹೋಯ್ತು ಅಂತ ಬರೆದಿಡಿ, ಗೊತ್ತಾಗುತ್ತದೆ.

18ರ ಸಾಲನ್ನು ಮಾತ್ರ ನಂಬಬೇಡಿ. ದಿನಕ್ಕೆ 473 ಪಫ್ ಜೊತೆಗೆ ಬ್ರೆಡ್ಡು, ಬನ್ನು ಮಾಡೋಕೆ ಇಬ್ಬರು ಸಾಲದೇ ಹೋಗಬಹುದು. ಮೂರನೆಯವರನ್ನು 17,000ಕ್ಕೆ ಇಟ್ಟುಕೊಂಡರೆ ಸ್ಥಿರ ಖರ್ಚೇ 1,02,000 ಆಗಿ, ದಿನಕ್ಕೆ 567 ಮಾರಬೇಕಾಗುತ್ತದೆ.

ಹಾಗಂತ ಬರೀ ಪಫ್ ಯಾರೂ ಮಾರಲ್ಲ, ಅಲ್ವಾ? ಹಲವು ಐಟಂ ಇದ್ದಾಗ ಸಂಖ್ಯೆ ಬಿಟ್ಟು ಗಲ್ಲಾ ನೋಡಿ. ಒಟ್ಟು ಮಾರಾಟದಲ್ಲಿ ಸಾಮಾನಿನ ಖರ್ಚು, ಎಸೆದದ್ದು ಎಲ್ಲ ಹೋಗಿ ನೂರಕ್ಕೆ 40 ಉಳಿದರೆ, 85,000 ಭಾಗಿಸು 0.40, ಅಂದರೆ ತಿಂಗಳಿಗೆ 2,12,500 ವ್ಯಾಪಾರ ಆಗಬೇಕು. ದಿನಕ್ಕೆ ಸುಮಾರು 7,100. ಮೈದಾ ಮೂಟೆಯ ರೇಟು ಏರಿದ ದಿನ ಆ 40 ಕೂಡ ಬದಲಾಗುತ್ತದೆ, ಆವತ್ತೇ ಶೀಟ್ ತಿದ್ದಿ.