ಪಿ-ವ್ಯಾಲ್ಯೂ ಒಂದೇ ಸಾಲಲ್ವಾ?

"ಎರಡು ಬೋಧನಾ ವಿಧಾನ ಹೋಲಿಸಿದೆ, ಪಿ-ವ್ಯಾಲ್ಯೂ 0.025 ಬಂತು. ಗೈಡ್ ಎಫೆಕ್ಟ್ ಸೈಜ್ ಕೂಡ ಹಾಕಿ ಅಂತಾರೆ. ಯಾಕೆ?"

ಪಿ-ವ್ಯಾಲ್ಯೂ ಮಕ್ಕಳ ಸಂಖ್ಯೆ ನೋಡಿಕೊಂಡು ಕುಣಿಯುತ್ತದೆ, ಅದಕ್ಕೇ. ಒಂದು ಗುಂಪಿನ ಸರಾಸರಿ 51, ಇನ್ನೊಂದರದು 50, ಎರಡರಲ್ಲೂ ಸ್ಟ್ಯಾಂಡರ್ಡ್ ಡೀವಿಯೇಷನ್ 10 ಅಂದುಕೊಳ್ಳಿ. ಗುಂಪಿಗೆ 1000 ಮಕ್ಕಳಿದ್ದರೆ ಪಿ ಸುಮಾರು 0.025. ಬರೀ 50 ಮಕ್ಕಳಿದ್ದರೆ 0.6 ದಾಟುತ್ತದೆ. ವ್ಯತ್ಯಾಸ ಮಾತ್ರ ಅದೇ ಒಂದು ಅಂಕ. ಅದನ್ನು ಡೀವಿಯೇಷನ್ 10ರಿಂದ ಭಾಗಿಸಿದರೆ ಸಿಗುವ ಎಫೆಕ್ಟ್ ಸೈಜ್, ಅಂದರೆ ಕೋಹೆನ್ಸ್ ಡಿ, 0.1, ಎರಡೂ ಕಡೆ. ಇಷ್ಟು ಲಾಭಕ್ಕೆ ಶಿಕ್ಷಕರಿಗೆಲ್ಲ ಹೊಸದಾಗಿ ತರಬೇತಿ ಕೊಡಬೇಕಾ ಅಂತ ಲೆಕ್ಕ ಹಾಕಲು ಬೇಕಾಗುವುದು ಈ ಸಂಖ್ಯೆ.

ಆದರೆ ಡಿಯನ್ನೂ ಸುಮ್ನೆ ನಂಬಬೇಡಿ. ಒಂದೇ ಮಟ್ಟದ ಮಕ್ಕಳನ್ನು ಆರಿಸಿದ್ದರೆ ಅಂಕಗಳ ಹರಡು ಕಡಿಮೆ ಇರುತ್ತದೆ. ಡೀವಿಯೇಷನ್ 4 ಆದರೆ ಅದೇ ಒಂದು ಅಂಕಕ್ಕೆ ಡಿ 0.25 ಆಗುತ್ತದೆ. ಹಾಗಾಗಿ ಸರಾಸರಿ, ಡೀವಿಯೇಷನ್ ಎರಡನ್ನೂ ಪಕ್ಕದಲ್ಲೇ ಬರೆಯಿರಿ.