ಕಪ್ಪು-ಕೆಂಪು ಬೋಕಿಯ ವಯಸ್ಸು

"ಸಂಪಾದಕರಿಗೆ ನಮಸ್ಕಾರ. ಅರಸೀಕೆರೆ ಹತ್ತಿರ ನಮ್ಮ ಹೊಲದ ಬದುವಿನಲ್ಲಿ ಕಪ್ಪು-ಕೆಂಪು ಮಡಕೆ ಚೂರುಗಳು ಸಿಕ್ಕಿವೆ. ಇವು ಬೃಹತ್ ಶಿಲಾಯುಗದವು, 3000 ವರ್ಷ ಹಳೆಯವು ಎಂದು ಲೇಖನ ಬರೆದು ಕಳಿಸಿದ್ದೇನೆ. ಹಾಕಲು ಆಗದಿದ್ದರೆ ಯಾಕೆ ಅಂತ ನೇರವಾಗಿ ಹೇಳಿ."

ನಮಸ್ಕಾರ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲ ಎರಡು ಪುಟ ನನಗೆ ತುಂಬಾ ಹಿಡಿಸಿತು. ಚೂರಿನ ಒಳಮೈ ಕಪ್ಪು, ಹೊರಗೆ ಬಾಯಂಚಿನ ಸುತ್ತ ಕಪ್ಪು, ಅದರ ಕೆಳಗೆ ಕೆಂಪು ಅಂತ ಕಂಡದ್ದನ್ನು ಕಂಡ ಹಾಗೇ ಬರೆದಿದ್ದೀರಿ. ಮೂರನೇ ಪುಟದಲ್ಲಿ "ಆದ್ದರಿಂದ ಇದು 3000 ವರ್ಷ ಹಳೆಯದು" ಎಂಬ ಸಾಲು ಬರುತ್ತದೆ. ನನ್ನ ತಕರಾರು ಆ "ಆದ್ದರಿಂದ" ಮೇಲೆ.

ಎರಡು ಬಣ್ಣ ಬರುವುದು ಸುಡುವ ರೀತಿಯಿಂದ. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಮತ್ತು ಬಾಯಿಯ ಹತ್ತಿರ ಗಾಳಿ ಆಡುವುದಿಲ್ಲ, ಅಲ್ಲಿ ಕಪ್ಪಾಗುತ್ತದೆ. ಗಾಳಿ ತಗಲುವ ಹೊರಮೈ ಕೆಂಪಾಗುತ್ತದೆ. ದಕ್ಷಿಣದಲ್ಲಿ ಈ ವಿಧಾನ ನೂರಾರು ವರ್ಷ ಬಳಕೆಯಲ್ಲಿತ್ತು. ದೊಡ್ಡ ಕಲ್ಲುಗಳ ಗೋರಿ ಕಟ್ಟಿದ ಬೃಹತ್ ಶಿಲಾಯುಗದಲ್ಲೂ ಇತ್ತು, ಕ್ರಿಸ್ತಶಕದ ಆರಂಭದ ಊರುಗಳಲ್ಲೂ ಇತ್ತು. ಹಾಗಾಗಿ ಬಣ್ಣ ನೋಡಿ ಸುಟ್ಟ ಬಗೆ ಹೇಳಬಹುದು, ಶತಮಾನ ಹೇಳಲಾಗದು.

ಅಗೆತದಲ್ಲಿ ಚೂರುಗಳನ್ನು ಹೇಗೆ ಬೇರ್ಪಡಿಸುತ್ತಾರೆ ಅನ್ನುವುದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಮೊದಲು ತೊಳೆದು ಒಣಗಿಸಿ, ಪ್ರತಿ ಚೂರಿಗೂ ಅದು ಸಿಕ್ಕಿದ ಮಣ್ಣಿನ ಪದರದ ಸಂಖ್ಯೆ ಬರೆಯುತ್ತಾರೆ. ಆಮೇಲೆ ಇಕ್ಕಳದಿಂದ ಅಂಚನ್ನು ಸ್ವಲ್ಪ ಮುರಿದು, ಹೊಸ ಮುರಿತವನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಮರಳು ದಪ್ಪವೋ ನುಣುಪೋ, ಹೊಟ್ಟು ಉರಿದು ಹೋದ ತೂತುಗಳಿವೆಯೋ, ನಡುವೆ ಬೂದು ಗೆರೆ ಉಳಿದಿದೆಯೋ ಅಂತ ನೋಡಿ ಗುಂಪು ಮಾಡುತ್ತಾರೆ. ಹಳೆಯ ಮುರಿತದ ಮೇಲೆ ಮಣ್ಣು ಮೆತ್ತಿರುತ್ತದೆ, ಅದನ್ನು ನಂಬುವ ಹಾಗಿಲ್ಲ.

ಆಕಾರ ಆಮೇಲೆ. ಹೊಟ್ಟೆಯ ಚೂರು ಆಕಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಾಯಂಚು, ಕಂಠ, ತಳ ಹೇಳುತ್ತವೆ. ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲೆ ಬಾಯಂಚನ್ನು ಬೋರಲು ಇಟ್ಟು, ಸಂದಿಲ್ಲದೆ ಕೂರುವ ಹಾಗೆ ಓರೆ ಸರಿ ಮಾಡಿ, ಯಾವ ವೃತ್ತಕ್ಕೆ ಹೊಂದುತ್ತದೆ ಎಂದು ನೋಡಿದರೆ ಬಾಯಿಯ ಅಗಲ ಸಿಗುತ್ತದೆ. ಚೂರು ತೀರಾ ಚಿಕ್ಕದಾದರೆ ಎರಡು ಮೂರು ವೃತ್ತಕ್ಕೂ ಹೊಂದಿದ ಹಾಗೆ ಕಾಣುತ್ತದೆ. ಆಗ ಅಳತೆ ಬರೆಯದೆ ಬಿಡುವುದೇ ಸರಿ.

ಇಷ್ಟೆಲ್ಲ ಮಾಡಿ, ಕೆಳಗಿನ ಪದರ ಹಳೆಯದು ಎಂದು ಹೋಲಿಸಿದರೂ ಸಿಗುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಮಾತ್ರ. ಇಸವಿ ಬೇರೆ ಕಡೆಯಿಂದ ಬರಬೇಕು. ಇದಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನೇ ತೆಗೆದುಕೊಳ್ಳಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದರು. ತಳದ ಪದರಗಳಲ್ಲಿ ಕಲ್ಲಿನ ಕೊಡಲಿಗಳ ಜೊತೆ ಕೈಯಲ್ಲಿ ಮಾಡಿದ ಒರಟು ಬೂದು ಮಡಕೆ, ಅದರ ಮೇಲೆ ಕಪ್ಪು-ಕೆಂಪು, ಇನ್ನೂ ಮೇಲೆ ಬಿಳಿ ಗೆರೆ ಬಿಡಿಸಿ ಕೆಂಗಂದು ಲೇಪ ಕೊಟ್ಟ, ತಿಗರಿಯಲ್ಲಿ ಮಾಡಿದ ಮಡಕೆ ಸಿಕ್ಕಿತು. ಈ ಮೇಲಿನ ಪದರದಲ್ಲೇ ಒಳತಳದಲ್ಲಿ ಚಿಕ್ಕ ಗೀಟುಗಳ ಸುತ್ತು ಇರುವ ತಟ್ಟೆಯ ಚೂರುಗಳೂ ಇದ್ದವು. ಅಂಥವೇ ತಟ್ಟೆಗಳು 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಸಿಕ್ಕಿದ್ದವು. ಅಲ್ಲಿ ಇಟಲಿಯಿಂದ ಬಂದ, ಕಾಲ ಗೊತ್ತಿದ್ದ ಮಡಕೆಗಳೂ ಇದ್ದವು. ಹೀಗೆ ಬ್ರಹ್ಮಗಿರಿಯ ಮೇಲಿನ ಪದರಕ್ಕೆ ಕ್ರಿಸ್ತಶಕ 1ನೇ ಶತಮಾನ ಎಂಬ ಗೂಟ ಸಿಕ್ಕಿತು.

ಆ ಗೂಟದಿಂದ ಕೆಳಕ್ಕೆ ಎಣಿಸಿದ್ದು ಮಾತ್ರ ಬಹುಪಾಲು ಅಂದಾಜು. ಕಪ್ಪು-ಕೆಂಪು ಮಡಕೆಯ ಜನ ಸುಮಾರು ಕ್ರಿಸ್ತಪೂರ್ವ 200ರಲ್ಲಿ ಬಂದರು ಎಂದು ವೀಲರ್ ಲೆಕ್ಕ ಹಾಕಿದರು. ಮುಂದೆ ಇದ್ದಿಲಿನ ವಯಸ್ಸು ಅಳೆಯುವ ರೇಡಿಯೋಕಾರ್ಬನ್ ಪರೀಕ್ಷೆ ಬಂತು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕಬ್ಬಿಣದ ಜೊತೆ ಬರುವ ಈ ಮಡಕೆಯ ಪದರ ಕ್ರಿಸ್ತಪೂರ್ವ 1000ದ ಆಸುಪಾಸಿಗೆ ಹೋಯಿತು. ನಿಮ್ಮ 3000 ವರ್ಷ ಬಂದಿರುವುದು ಇಂಥ ಲೆಕ್ಕದಿಂದಲೇ ಅಲ್ವಾ? ಆದರೆ ಅದು ಆ ಪದರದ ವಯಸ್ಸು. ನಿಮ್ಮ ಬದುವಿನ ಚೂರಿಗೆ ಪದರವೇ ಇಲ್ಲ.

ಪದರ ಇದ್ದರೂ ಎಚ್ಚರ ಬೇಕು. ಆಮೇಲಿನವರು ಗುಂಡಿ ತೋಡಿದಾಗ ಹಳೆಯ ಚೂರು ಮೇಲೆ ಬರುತ್ತದೆ. ಇಲಿ ಬಿಲದಲ್ಲಿ ಹೊಸ ಚೂರು ಕೆಳಗೆ ಇಳಿಯುತ್ತದೆ. ಅದಕ್ಕೇ ಒಂದೆರಡು ಚೂರಿನ ಮೇಲೆ ತೀರ್ಮಾನ ಮಾಡದೆ, ಪ್ರತಿ ಪದರದಲ್ಲೂ ಯಾವ ಗುಂಪು ಎಷ್ಟು ಪಾಲು ಎಂದು ಎಣಿಸುತ್ತಾರೆ, ತೂಕವನ್ನೂ ಹಾಕುತ್ತಾರೆ. ಎಣಿಕೆ ಒಂದನ್ನೇ ಹಿಡಿದರೆ, ಹತ್ತು ಚೂರಾಗಿ ಒಡೆದ ಒಂದು ಗಡಿಗೆ ಹತ್ತು ಗಡಿಗೆಯ ಹಾಗೆ ಲೆಕ್ಕಕ್ಕೆ ಬರುತ್ತದೆ. ಅಂಚು ಸವೆದು ದುಂಡಗಾದ ಚೂರುಗಳು ಬೇರೆ ಕಡೆಯಿಂದ ಉರುಳಿ ಬಂದಿರಬಹುದು ಎಂದು ಪ್ರತ್ಯೇಕ ಇಡುತ್ತಾರೆ.

ಮೂರನೇ ಪುಟದಿಂದ ಮುಂದಿನದನ್ನು ಹೊಸದಾಗಿ ಬರೆಯಿರಿ. ನಿಮ್ಮ ಚೂರುಗಳ ಅಂಚು ಚೂಪಾಗಿದೆಯೋ ಸವೆದಿದೆಯೋ ನೋಡಿ ಬರೆಯಿರಿ. ಜೊತೆಯಲ್ಲಿ ಬೇರೆ ಬಗೆಯ ಚೂರು ಬಿದ್ದಿದ್ದವೇ ಎಂಬುದೂ ಇರಲಿ. ಬದುವನ್ನು ಮಾತ್ರ ದಯವಿಟ್ಟು ಅಗೆಯಬೇಡಿ, ಜಾಗ ಗುರುತು ಮಾಡಿ ಪುರಾತತ್ವ ಇಲಾಖೆಗೆ ತಿಳಿಸಿ. ಬಾಯಂಚಿನ ಚೂರಿದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು, ಹೊರಗಿಂದ ಒಂದು, ಮುರಿದ ಬದಿಯಿಂದ ಒಂದು ಫೋಟೋ ತೆಗೆದು ಲೇಖನದ ಜೊತೆ ಕಳಿಸಿ.